ಕಾಫಿ ಎಲೆಯ ಗಸಿಗೆ ಏನು ಹೆಸರು?

ಜೀವಕೋಶಗಳನ್ನು ಅರೆದು, ಸೆಂಟ್ರಿಫ್ಯೂಜಿನಲ್ಲಿ ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ ತಿರುಗಿಸಿ ಕಣದಂಗಗಳನ್ನು ಬೇರ್ಪಡಿಸುವ ಕ್ರಮ 1940ರ ದಶಕದಲ್ಲಿ ಆಲ್ಬರ್ಟ್ ಕ್ಲಾಡ್ ಮತ್ತು ಸಂಗಡಿಗರ ಕೈಯಲ್ಲಿ ಹದಗೊಂಡಿತು. ಅವರ ಮುಂದಿದ್ದದ್ದು ಇಲಿಯ ಯಕೃತ್ತು: ಮೆತ್ತಗಿನ ಅಂಗಾಂಶ, ಕೋಶಭಿತ್ತಿಯ ಕಾಟವಿಲ್ಲ. ಕೊಡಗಿನ ತೋಟದ ರೊಬಸ್ಟಾ ಎಲೆಗೆ ಅದೇ ಕ್ರಮವನ್ನು ಹಾಗೇ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಮೊದಲ ತೊಂದರೆ ಅರೆಯುವಾಗಲೇ ಶುರು. ಕೋಶಭಿತ್ತಿ ಒಡೆಯುವಷ್ಟು ಮಿಕ್ಸಿ ತಿರುಗಿದರೆ ಕ್ಲೋರೋಪ್ಲಾಸ್ಟೂ ಹರಿಯುತ್ತದೆ. ಜೊತೆಗೆ ರಸಕುಹರ ಒಡೆದು ಕ್ಲೋರೊಜೆನಿಕ್ ಆಮ್ಲದಂಥ ಫೀನಾಲುಗಳು ಹೊರಬಂದು, ಗಾಳಿ ತಾಗಿ ಕಂದಾಗಿ, ಪ್ರೋಟೀನುಗಳಿಗೆ ಅಂಟಿ ಕಿಣ್ವಗಳನ್ನು ಕೆಡಿಸುತ್ತವೆ. ಎಳೆಯ ಎಲೆ, ಮಂಜುಗಡ್ಡೆಯಷ್ಟು ತಣ್ಣಗಿನ ಸಕ್ಕರೆಯ ಬಫರು, ಅದಕ್ಕೆ ಪಿವಿಪಿ ಮತ್ತು ಆಸ್ಕಾರ್ಬೇಟು, ಕೆಲವೇ ಸೆಕೆಂಡುಗಳ ಅರೆತ: ಇಷ್ಟಿಲ್ಲದೆ ಮುಂದುವರಿಯಬಾರದು. ದ್ರಾವಣ ಕಂದಾಗಿದ್ದರೆ ಅಲ್ಲಿಗೇ ಚೆಲ್ಲಿ.

ಮಸ್ಲಿನ್ ಬಟ್ಟೆಯಲ್ಲಿ ಸೋಸಿದ ರಸವನ್ನು ಸುಮಾರು 1,000 ಜಿ ಬಲದಲ್ಲಿ ತಿರುಗಿಸಿದರೆ ನ್ಯೂಕ್ಲಿಯಸ್ಸು, ಕ್ಲೋರೋಪ್ಲಾಸ್ಟು ತಳಕ್ಕಿಳಿಯುತ್ತವೆ. ಮೇಲಿನ ತಿಳಿಯನ್ನು 12,000 ಜಿಯಲ್ಲಿ ತಿರುಗಿಸಿದಾಗ ಸಿಗುವ ಗಸಿಯ ಪಕ್ಕದಲ್ಲಿ ರೆಕಾರ್ಡ್ ಪುಸ್ತಕಗಳು ‘ಮೈಟೊಕಾಂಡ್ರಿಯ’ ಎಂದು ಬರೆದುಬಿಡುತ್ತವೆ. ಆದರೆ ಆ ಗಸಿ ಹಸಿರಾಗಿರುತ್ತದಲ್ಲ! ಆ ಬಣ್ಣ ಹರಿದ ಕ್ಲೋರೋಪ್ಲಾಸ್ಟಿನ ಥೈಲಕಾಯ್ಡ್ ಚೂರುಗಳದು.

ಒಂದು ಲೆಕ್ಕ ಹಾಕೋಣ. ಸೋಸಿದ ರಸದಲ್ಲಿ 20 ಮಿಲಿಗ್ರಾಂ ಕ್ಲೋರೋಫಿಲ್ ಇತ್ತು. ಮೊದಲ ಗಸಿಯಲ್ಲಿ 11, ಎರಡನೆಯದರಲ್ಲಿ 5, ಕೊನೆಯ ತಿಳಿಯಲ್ಲಿ 1 ಸಿಕ್ಕಿತು ಎನ್ನಿ. ಒಟ್ಟು 17, ಅಂದರೆ ಶೇ. 85 ಕೈಗೆ ಬಂದಿದೆ, ಪರವಾಗಿಲ್ಲ. ಮೈಟೊಕಾಂಡ್ರಿಯದ ಗುರುತಾದ ಸಕ್ಸಿನೇಟ್ ಡಿಹೈಡ್ರೊಜಿನೇಸ್ 100 ಯೂನಿಟ್ಟಿನಲ್ಲಿ ಮೊದಲ ಗಸಿಗೆ 30, ಎರಡನೆಯದಕ್ಕೆ 55, ತಿಳಿಗೆ 5 ಹೋಯಿತು. ಎರಡನೆಯ ಗಸಿಯಲ್ಲಿ ಮೈಟೊಕಾಂಡ್ರಿಯದ ಅರ್ಧಕ್ಕಿಂತ ಹೆಚ್ಚು ಪಾಲಿದೆ, ನಿಜ. ಸೋಸಿದ ರಸದ ಕಾಲುಭಾಗ ಕ್ಲೋರೋಫಿಲ್ಲೂ ಅಲ್ಲೇ ಕೂತಿದೆ. ಮೊತ್ತ ಬರೆಯದೆ ಆ ಒಂದು ಗಸಿಯ ಕಿಣ್ವವನ್ನಷ್ಟೇ ತೋರಿಸುವವರು ಈ ಎರಡನ್ನೂ ಮುಚ್ಚಿಡುತ್ತಾರೆ.

ಮೊದಲ ಗಸಿಗೆ 30 ಹೋದದ್ದು ಕೈತಪ್ಪಿನಿಂದಲ್ಲ. ತಿರುಗುವ ಮುಂಚೆ ಎಲ್ಲ ಕಣಗಳೂ ಕೊಳವೆಯ ತುಂಬ ಸಮನಾಗಿ ಹರಡಿರುತ್ತವೆ. ಮೇಲ್ತುದಿಯ ದೊಡ್ಡ ಕಣ ತಳ ಮುಟ್ಟುವಷ್ಟರಲ್ಲಿ, ಅದರ ಐದನೇ ಒಂದು ಪಾಲು ವೇಗದ ಚಿಕ್ಕ ಕಣಗಳಲ್ಲೂ ತಳದ ಹತ್ತಿರವಿದ್ದ ಸುಮಾರು ಶೇ. 20 ಇಳಿದಿರುತ್ತವೆ. ಗಸಿಯನ್ನು ಹೊಸ ಬಫರಿನಲ್ಲಿ ಕದಡಿ ಮತ್ತೆ ತಿರುಗಿಸಿದರೆ ಆ 20 ಸುಮಾರು 4ಕ್ಕೆ ಇಳಿಯುತ್ತದೆ. ಈ ತೊಳೆತವನ್ನು ಬಿಡುವ ಪ್ರಯೋಗಪಾಠಕ್ಕೆ ನಾನು ಅಂಕ ಕೊಡಲಾರೆ.

ಎರಡನೆಯ ಗಸಿಯ ಹಸಿರು ಮಾತ್ರ ತೊಳೆತಕ್ಕೆ ಹೆಚ್ಚು ಜಗ್ಗುವುದಿಲ್ಲ. ಥೈಲಕಾಯ್ಡ್ ಚೂರುಗಳಲ್ಲಿ ಹಲವು ಮೈಟೊಕಾಂಡ್ರಿಯದಷ್ಟೇ ವೇಗದಲ್ಲಿ ಇಳಿಯುತ್ತವೆ, ಪೆರಾಕ್ಸಿಸೋಮುಗಳೂ ಹಾಗೆಯೇ. ಅವನ್ನು ಬಿಡಿಸಲು ಸಾಂದ್ರತೆಯ ವ್ಯತ್ಯಾಸ ಬಳಸುವ ಪರ್ಕಾಲ್ ಇಳಿಜಾರೇ ಬೇಕು. ಅದಿಲ್ಲದ ಪ್ರಯೋಗಶಾಲೆ ರೆಕಾರ್ಡಿನಲ್ಲಿ ‘12,000 ಜಿ ಗಸಿ, ಕ್ಲೋರೋಫಿಲ್ 5 ಮಿಲಿಗ್ರಾಂ’ ಎಂದೇ ಬರೆಸಲಿ.