ಒಂದು ಸಿಲಿಂಡರು, ನಾಲ್ಕು ಉತ್ತರ

ಕಚೇರಿ ಗೋಡೆಗೆ ತೂಗುಹಾಕಿದ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕವನ್ನು ಗಮನಿಸಿದ್ದೀರಾ? ಪುಡಿ ತುಂಬಿದ ಅಗ್ನಿಶಾಮಕಕ್ಕೆ ಇರುವ ಮುಳ್ಳಿನ ಮೀಟರು ಇದಕ್ಕೆ ಇರುವುದಿಲ್ಲ. ತಪಾಸಣೆಗೆ ಬಂದವರು ಇದನ್ನು ಕೆಳಗಿಳಿಸಿ ತೂಕ ಮಾಡುತ್ತಾರೆ. ಒಳಗೆ ದ್ರವವೂ ಅದರ ಮೇಲೆ ಆವಿಯೂ ಜೊತೆಗಿರುವ ತನಕ, ಅರ್ಧ ಖಾಲಿಯಾದರೂ ಒತ್ತಡ ಬದಲಾಗುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 64 ಬಾರ್, ಅಷ್ಟೇ. ಮೀಟರು ಇದ್ದಿದ್ದರೆ ಅದು ನಮ್ಮನ್ನು ನಂಬಿಸಿ ಮೋಸ ಮಾಡುತ್ತಿತ್ತು.

ಅದೇ ಸಿಲಿಂಡರನ್ನು ಮೇ ತಿಂಗಳ ರಾಯಚೂರಿನ ಶೆಡ್ಡಿನಲ್ಲಿ ಇಡೋಣ. ಒಳಗಿನ ತಾಪ 40 ಡಿಗ್ರಿ. ಒಂದು ಲೀಟರ್ ಒಳಗಾತ್ರಕ್ಕೆ 667 ಗ್ರಾಂ ತುಂಬಿದೆ ಎಂದಿಟ್ಟುಕೊಳ್ಳೋಣ. ಕಾರ್ಬನ್ ಡೈಆಕ್ಸೈಡಿನ ಕ್ರಾಂತಿಕ ತಾಪ 31 ಡಿಗ್ರಿಗೆ ಒಂದು ಕೂದಲೆಳೆ ಕಡಿಮೆ, ಕ್ರಾಂತಿಕ ಒತ್ತಡ 73.8 ಬಾರ್. ಹಾಗಾಗಿ ಈ ಶೆಡ್ಡಿನಲ್ಲಿ ದ್ರವ, ಆವಿ ಎಂಬ ಭೇದವೇ ಅಳಿದುಹೋಗಿದೆ. ಈಗ ಒತ್ತಡ ಎಷ್ಟು?

ಪಿಯುಸಿಯಲ್ಲಿ ಕಲಿತ ಆದರ್ಶ ಅನಿಲ ನಿಯಮವನ್ನೇ ಮೊದಲು ಕೇಳಬಹುದು. PV = nRT ಪ್ರಕಾರ ಉತ್ತರ 394 ಬಾರ್. ನಿಜವಾದ ಒತ್ತಡ ಸುಮಾರು 107 ಬಾರ್. ಇಂಥ ತಪ್ಪನ್ನು ಶೇಕಡಾವಾರಿನಲ್ಲಿ ಹೇಳುವುದೇ ಅಸಂಬದ್ಧ; ಉತ್ತರ ಮೂರೂವರೆ ಪಟ್ಟಿಗೂ ಮೀರಿದೆ. ಈ ನಿಯಮದ ಅಣುಗಳಿಗೆ ಗಾತ್ರವಿಲ್ಲ, ಒಂದಕ್ಕೊಂದು ಸೆಳೆತವೂ ಇಲ್ಲ. ನಮ್ಮ ಸಿಲಿಂಡರಿನಲ್ಲಾದರೋ ಒಂದು ಮೋಲ್ ಅನಿಲಕ್ಕೆ ಸಿಕ್ಕಿರುವ ಜಾಗ ಬರೀ 66 ಘನ ಸೆಂಟಿಮೀಟರ್. ಅಷ್ಟು ಒತ್ತಾಗಿ ನಿಂತ ಅಣುಗಳ ನಡುವಿನ ಸೆಳೆತ ಗೋಡೆಗೆ ಬೀಳುವ ಹೊಡೆತದ ಬಹುಪಾಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಈ ಎರಡು ಕೊರತೆಗಳನ್ನು ತುಂಬಿದವನು ವ್ಯಾನ್ ಡರ್ ವಾಲ್ಸ್, 1873ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್ ಇದೇ ಕಾರ್ಬನ್ ಡೈಆಕ್ಸೈಡನ್ನು ಗಾಜಿನ ನಳಿಗೆಯಲ್ಲಿ ಒತ್ತಿ, ಕ್ರಾಂತಿಕ ಬಿಂದುವಿನ ಸುತ್ತಲ ವರ್ತನೆಯನ್ನು ಅಳೆದು ತೋರಿಸಿದ್ದ. ವ್ಯಾನ್ ಡರ್ ವಾಲ್ಸ್ ಅಣುಗಳಿಗೆ ಗಾತ್ರ ಕೊಟ್ಟ, ಸೆಳೆತ ಕೊಟ್ಟ. ಅವನ ಸಮೀಕರಣವನ್ನು ಬಿಡಿಸಿ ಬರೆದರೆ ಗಾತ್ರ ಮೂರನೆಯ ಘಾತಕ್ಕೆ ಏರುತ್ತದೆ. ಅದಕ್ಕೇ ಈ ಕುಲಕ್ಕೆ ಘನ ಸಮೀಕರಣ ಎಂಬ ಹೆಸರು. ದ್ರವ ಮತ್ತು ಆವಿ ಎರಡನ್ನೂ ಒಂದೇ ಸೂತ್ರ ಹೇಳಬಲ್ಲದು ಎಂದು ತೋರಿದ್ದು ದೊಡ್ಡ ಮಾತು. ಆದರೂ ನಮ್ಮ ಶೆಡ್ಡಿಗೆ ಅದು ಕೊಡುವ ಉತ್ತರ 286 ಬಾರ್. ದಾರಿ ಸರಿ, ಊರು ಇನ್ನೂ ದೂರ.

ಇಂದು ತೈಲ, ಅನಿಲ ಉದ್ಯಮದ ಲೆಕ್ಕಗಳಲ್ಲಿ ಹೆಚ್ಚು ಓಡಾಡುವುದು 1976ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಪೆಂಗ್ ಮತ್ತು ರಾಬಿನ್ಸನ್ ಪ್ರಕಟಿಸಿದ ರೂಪ:

P = RT/(v − b) − aα/(v² + 2bv − b²)

ಇದಕ್ಕೆ ಬೇಕಾದ್ದು ಅನಿಲದ ಕ್ರಾಂತಿಕ ತಾಪ, ಕ್ರಾಂತಿಕ ಒತ್ತಡ ಮತ್ತು ಅಣುವಿನ ಆಕಾರವನ್ನು ಸೂಚಿಸುವ ಇನ್ನೊಂದು ಅಂಕಿ, ಕಾರ್ಬನ್ ಡೈಆಕ್ಸೈಡಿಗೆ 0.224. ಇವುಗಳಿಂದ b 26.7 ಘನ ಸೆಂಟಿಮೀಟರ್ ಎಂದು ಬರುತ್ತದೆ. ಈಗ ಲೆಕ್ಕ ಹಾಕಿ. ಮೊದಲ ಪದ, ಅಂದರೆ ಅಣುಗಳ ತಳ್ಳಾಟ, 662 ಬಾರ್. ಎರಡನೆಯದು, ಅವುಗಳ ಸೆಳೆತ, 542 ಬಾರ್. ಕಳೆದರೆ 120. ನಿಜದ 107ಕ್ಕೆ ಹೋಲಿಸಿದರೆ ಶೇಕಡಾ 12ರಷ್ಟು ಹೆಚ್ಚು. ಎರಡು ಬೃಹತ್ ಸಂಖ್ಯೆಗಳ ಸಣ್ಣ ವ್ಯತ್ಯಾಸವೇ ನಮ್ಮ ಒತ್ತಡ ಎಂಬುದನ್ನು ನೋಡಿದರೆ ನನಗೆ ಈ 12 ಅವಮಾನ ಅನ್ನಿಸುವುದಿಲ್ಲ. ಸೆಳೆತದಲ್ಲಿ ಶೇಕಡಾ ಎರಡೂವರೆ ತಪ್ಪಿದರೂ ಸಾಕು, ಅಷ್ಟು ಅಂತರ ಬಂದುಬಿಡುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಘನ ಸಮೀಕರಣಕ್ಕೆ ಹಾರ ಹಾಕಿ ಮನೆಗೆ ಹೋಗಬಹುದು. ಆದರೆ ಅದೇ 40 ಡಿಗ್ರಿಯಲ್ಲಿ ಒತ್ತಡವನ್ನು ನಾವೇ ಹಿಡಿದು ಸಾಂದ್ರತೆಯನ್ನು ಕೇಳಿದಾಗ ಅದರ ಸ್ವಭಾವ ಬಯಲಾಗುತ್ತದೆ. 80 ಬಾರ್‌ನಲ್ಲಿ ನಿಜವಾದ ಸಾಂದ್ರತೆ ಲೀಟರಿಗೆ 278 ಗ್ರಾಂ. ಪೆಂಗ್-ರಾಬಿನ್ಸನ್ 284 ಎನ್ನುತ್ತದೆ. ಶಹಬ್ಬಾಸ್ ಎನ್ನಬೇಕು, ಆದರ್ಶ ನಿಯಮ 135 ಎಂದು ಅರ್ಧಕ್ಕೇ ಕೈಚೆಲ್ಲಿದೆ. 100 ಬಾರ್‌ಗೆ ಏರಿಸಿ: ನಿಜ 629, ಪೆಂಗ್-ರಾಬಿನ್ಸನ್ ಸುಮಾರು 563. ಮೊದಲು ಚೂರು ಹೆಚ್ಚು ಹೇಳಿದ್ದು ಈಗ ಶೇಕಡಾ 10 ಕಡಿಮೆ ಹೇಳುತ್ತಿದೆ.

ದೋಷದ ದಿಕ್ಕು ಹೀಗೆ ತಿರುಗುವುದೇ ನನ್ನ ಮುಖ್ಯ ತಕರಾರು. ಸೂತ್ರ ಹೇಳುವ ಗಾತ್ರದಿಂದ ಒಂದು ನಿಗದಿತ ಅಳತೆಯನ್ನು ಕಳೆದುಬಿಡುವ ರೂಢಿ 1980ರ ದಶಕದಿಂದ ಇದೆ. ಕ್ರಾಂತಿಕ ಬಿಂದುವಿನಿಂದ ದೂರದಲ್ಲಿರುವ ತಣ್ಣನೆಯ ದ್ರವಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಇಲ್ಲಿ 100 ಬಾರ್‌ನಲ್ಲಿ ಮೋಲ್‌ಗೆ 8 ಘನ ಸೆಂಟಿಮೀಟರ್ ಕಳೆಯಬೇಕು, 80 ಬಾರ್‌ನಲ್ಲಿ 3ಕ್ಕಿಂತ ತುಸು ಹೆಚ್ಚು ಕೂಡಿಸಬೇಕು. ಯಾವ ಒಂದೇ ಸಂಖ್ಯೆ ಎರಡೂ ಕೆಲಸ ಮಾಡೀತು? ಆವಿಯ ಬದಿಯಲ್ಲಿ ಹೊಲಿದ ತೇಪೆ ದ್ರವದ ಬದಿಯಲ್ಲಿ ಹರಿಯುತ್ತದೆ.

ಕ್ರಾಂತಿಕ ಬಿಂದುವಿಗೇ ಹೋದರೆ ಕಾರಣ ಕಾಣುತ್ತದೆ. ಅಲ್ಲಿ PV ಯನ್ನು RT ಯಿಂದ ಭಾಗಿಸಿದರೆ ಪೆಂಗ್-ರಾಬಿನ್ಸನ್ ಪ್ರಕಾರ ಎಲ್ಲ ವಸ್ತುಗಳಿಗೂ 0.307 ಬರಬೇಕು. ವ್ಯಾನ್ ಡರ್ ವಾಲ್ಸ್ 0.375 ಅಂದಿದ್ದ. ಕಾರ್ಬನ್ ಡೈಆಕ್ಸೈಡಿನದು 0.275. ತಾಪ, ಒತ್ತಡ ಎರಡನ್ನೂ ಸರಿಯಾಗಿ ಕೂರಿಸಿದ ಮೇಲೆ ಗಾತ್ರವನ್ನು ಹೊಂದಿಸಲು ಸೂತ್ರದಲ್ಲಿ ಕೈಗೆ ಏನೂ ಉಳಿದಿರುವುದಿಲ್ಲ.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಈ ಕುಲದ ಸಮೀಕರಣಗಳೆಲ್ಲ ಪ್ರತಿ ಅಣುವೂ ಸುತ್ತಲಿನ ಸರಾಸರಿ ಸಾಂದ್ರತೆಯನ್ನಷ್ಟೇ ಅನುಭವಿಸುತ್ತದೆ ಎಂದು ನಂಬಿವೆ. ಕ್ರಾಂತಿಕ ಬಿಂದುವಿನ ಬಳಿ ಆ ಸರಾಸರಿಗೆ ಅರ್ಥವೇ ಇರುವುದಿಲ್ಲ. ಅಲ್ಲಿ ದಟ್ಟ ತುಣುಕುಗಳೂ ವಿರಳ ತುಣುಕುಗಳೂ ಬೆಳಕಿನ ಅಲೆಯಷ್ಟು ಅಗಲಕ್ಕೆ ಬೆಳೆದು, ತಿಳಿಯಾಗಿದ್ದ ದ್ರವ ಹಾಲಿನಂತೆ ಮಸುಕಾಗುತ್ತದೆ. ಆ ಬಿಂದುವಿಗೆ ಉಳಿದಿರುವ ತಾಪದ ದೂರ ಎಂಟನೇ ಒಂದಕ್ಕೆ ಇಳಿದರೆ, ದ್ರವ ಮತ್ತು ಆವಿಯ ಸಾಂದ್ರತೆಗಳ ಅಂತರ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ ಎನ್ನುತ್ತದೆ ಘನ ಸಮೀಕರಣ. ಪ್ರಯೋಗದಲ್ಲಿ ಅರ್ಧದಷ್ಟು ಉಳಿದಿರುತ್ತದೆ. a, b ಗಳನ್ನು ಎಷ್ಟು ತಿದ್ದಿದರೂ ಈ ದೋಷ ಹೋಗದು, ಏಕೆಂದರೆ ಅದು ಅಂಕಿಗಳಲ್ಲಿಲ್ಲ, ಸೂತ್ರದ ಹೆಣಿಗೆಯಲ್ಲೇ ಇದೆ.

ಹಾಗೆಂದು ಪೆಂಗ್-ರಾಬಿನ್ಸನ್ ಬಿಡಿ ಎನ್ನುವವನಲ್ಲ ನಾನು. ಅದರ α ಯನ್ನು ಆವಿ ಒತ್ತಡದ ಅಳತೆಗಳಿಗೆ ಹೊಂದಿಸಿಯೇ ಕಟ್ಟಿದ್ದಾರೆ. ಹಾಗಾಗಿ ದ್ರವ ಯಾವಾಗ ಕುದಿಯುತ್ತದೆ, ಮಿಶ್ರಣ ಯಾವಾಗ ಎರಡಾಗುತ್ತದೆ ಎಂಬ ಪ್ರಶ್ನೆಗೆ ಅದು ಇಂದಿಗೂ ಒಳ್ಳೆಯ ಉತ್ತರ ಕೊಡುತ್ತದೆ. ಕ್ರಾಂತಿಕ ಬಿಂದುವಿನ ಆಸುಪಾಸಿನಲ್ಲಿ ಸಾಂದ್ರತೆ ಬೇಕಾದವರು ಮಾತ್ರ ಅದನ್ನು ನಂಬಬಾರದು. ಕಾರ್ಬನ್ ಡೈಆಕ್ಸೈಡಿಗೆಂದೇ ಸ್ಪ್ಯಾನ್ ಮತ್ತು ವ್ಯಾಗ್ನರ್ 1996ರಲ್ಲಿ ಪ್ರಕಟಿಸಿದ ಉದ್ದನೆಯ ಸಮೀಕರಣವಿದೆ, ಅದನ್ನು ಬಳಸಲಿ.

ಇನ್ನು ಆದರ್ಶ ನಿಯಮ. ಮುಚ್ಚಿದ ಸಿಲಿಂಡರಿನ ತಾಪ 28ರಿಂದ 40 ಡಿಗ್ರಿಗೆ ಏರಿದರೆ ಒತ್ತಡ ಶೇಕಡಾ 4ರಷ್ಟು ಏರುತ್ತದೆ ಎಂಬುದು ಅದರ ಭರವಸೆ. ನಮ್ಮ ಸಿಲಿಂಡರಿನಲ್ಲಿ 28 ಡಿಗ್ರಿ ಮುಟ್ಟುವ ಹೊತ್ತಿಗಾಗಲೇ ದ್ರವ ಉಬ್ಬಿ ಆವಿಗೆ ಜಾಗವನ್ನೇ ಬಿಟ್ಟಿರುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ಡಿಗ್ರಿಗೆ ಸುಮಾರು 3 ಬಾರ್ ಏರುತ್ತದೆ.