ಮಣ್ಣು ಕುಡಿಯುವಷ್ಟೇ ಮಳೆ

ಕೊಡಗಿನ ರೊಬಸ್ಟಾ ತೋಟಗಳಲ್ಲಿ ಫೆಬ್ರವರಿ ಎಂದರೆ ಸ್ಪ್ರಿಂಕ್ಲರ್ ಸದ್ದಿನ ತಿಂಗಳು. ಹೂಮಳೆಗೆ ಕಾಯದೆ ಒಂದಿಂಚು ನೀರು ಹೊಡೆದು ಮೊಗ್ಗು ಅರಳಿಸುವ ಕಾಲ. ಕೆರೆ ಬತ್ತುವ ಮೊದಲು ಎಲ್ಲ ಬ್ಲಾಕ್ ಮುಗಿಸುವ ಅವಸರದಲ್ಲಿ ಎಲ್ಲರೂ ಕೇಳುವುದು, ಒಂದು ಕಡೆ ಎಷ್ಟು ಗಂಟೆ ಓಡಿಸಬೇಕು ಎಂದು. ಇಳಿಜಾರಿನಲ್ಲಿ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಗಂಟೆಗೆ ಎಷ್ಟು ಮಿಲಿಮೀಟರ್ ಬೀಳುತ್ತಿದೆ, ಅದರಲ್ಲಿ ಮಣ್ಣು ಎಷ್ಟನ್ನು ಒಳಗೆಳೆದುಕೊಳ್ಳುತ್ತದೆ ಎಂಬುದು.

ಹಳೆ ಕಾಫಿಯ ಬ್ಲಾಕು, ಪಕ್ಕದಲ್ಲೇ ಗಿಡ ಕಿತ್ತು ಹೊಸದಾಗಿ ನೆಟ್ಟ ಬ್ಲಾಕು. ಇಳಿಜಾರು ಒಂದೇ, ಪಂಪು ಒಂದೇ, ನಾಜಲ್ಲೂ ಒಂದೇ. ಹಳೆಯದರಲ್ಲಿ ಬಿದ್ದ ನೀರು ದರಗಿನಡಿ ಇಳಿದುಹೋಗುತ್ತದೆ, ಹೊಸದರಲ್ಲಿ ಕೆಂಪು ನೀರು ರಸ್ತೆಗೆ ಹರಿಯುತ್ತದೆ. ಹೊಸ ಬ್ಲಾಕಿನ ಲೆಕ್ಕವನ್ನೇ ಹಾಕಿ ನೋಡೋಣ.

ನಾಜಲ್ಲಿಗೆ ಮೆದು ಪೈಪು ಸಿಕ್ಕಿಸಿ 20 ಲೀಟರಿನ ಬಕೆಟ್ಟಿಗೆ ನೀರು ಬಿಡಿ. 3 ಕೆ.ಜಿ. ಒತ್ತಡದಲ್ಲಿ 5 ಮಿ.ಮೀ. ನಾಜಲ್ ಬಕೆಟ್ ತುಂಬಲು ಸುಮಾರು 44 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಗಂಟೆಗೆ 1,640 ಲೀಟರ್. ಸ್ಪ್ರಿಂಕ್ಲರುಗಳು 12 ಮೀಟರಿಗೊಂದು, ಸಾಲುಗಳ ನಡುವೆಯೂ 12 ಮೀಟರ್ ಇದ್ದರೆ ಒಂದರ ಪಾಲಿಗೆ 144 ಚದರ ಮೀಟರ್ ನೆಲ. ಒಂದು ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಅದೇ ಒಂದು ಮಿಲಿಮೀಟರ್. ಭಾಗಿಸಿದರೆ ಗಂಟೆಗೆ 11.4 ಮಿ.ಮೀ.

ಇನ್ನು ಇಳಿಜಾರು. 10 ಅಡಿಯ ಪೈಪಿನ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಸಮ ಮಾಡಿ, ಕೆಳಗಿನ ತುದಿಯಿಂದ ನೆಲಕ್ಕೆ ಅಳೆಯಿರಿ. 15 ಇಂಚು ಬಂದರೆ ನೂರಕ್ಕೆ ಹನ್ನೆರಡೂವರೆ. ನೀರಾವರಿ ಕೈಪಿಡಿಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ ಗೋಡು ಮಣ್ಣು ಸಮತಟ್ಟಾಗಿದ್ದು ಹೊದಿಕೆ ಇದ್ದರೆ ಗಂಟೆಗೆ 25 ಮಿ.ಮೀ. ತಡೆಯುತ್ತದೆ. ಇಳಿಜಾರು ನೂರಕ್ಕೆ 12 ದಾಟಿದರೆ ಅದು 10ಕ್ಕೆ ಇಳಿಯುತ್ತದೆ, ಮಣ್ಣು ಬರಿದಾಗಿದ್ದರೆ 5ಕ್ಕೆ. ಎರೆ ಮಣ್ಣಿಗೆ ಇನ್ನೂ ಕಡಿಮೆ. ಕಳೆ ಕೆತ್ತಿ ಬೋಳಾದ ಹೊಸ ಬ್ಲಾಕಿಗೆ ನಾವು ಎರಡು ಪಟ್ಟಿಗಿಂತ ಹೆಚ್ಚು ಸುರಿಯುತ್ತಿದ್ದೇವೆ.

ಕೆಳಗಿನ ಸಾಲಿನ ಗತಿ ಇನ್ನೂ ಕೆಟ್ಟದ್ದು. 10 ಮೀಟರ್ ಕೆಳಗಿಳಿದರೆ ಒತ್ತಡ ಒಂದು ಕೆ.ಜಿ. ಏರುತ್ತದೆ. ಮೇಲಿನ ಸಾಲಿನಲ್ಲಿ 3 ಇದ್ದದ್ದು ಅಲ್ಲಿ 4, ಗಂಟೆಗೆ 13 ಮಿ.ಮೀ. ಮೇಲಿಂದ ಹರಿದು ಬಂದದ್ದೂ ಅಲ್ಲಿಗೇ ಸೇರುತ್ತದೆ. ಆದ್ದರಿಂದ ಪರೀಕ್ಷೆ ಮಾಡುವುದಾದರೆ ಕೆಳಗಿನ ಸಾಲಿನಲ್ಲೇ ಮಾಡಬೇಕು ಎಂಬುದು ನನ್ನ ಹಟ.

ಪಟ್ಟಿ ಏನೇ ಹೇಳಲಿ, ಕೊನೆಯ ಮಾತು ನೆಲದ್ದು. ಗಾಳಿಯಿಲ್ಲದ ಬೆಳಗಿನ ಹೊತ್ತು ನಾಲ್ಕು ಸ್ಪ್ರಿಂಕ್ಲರುಗಳ ನಡುವೆ 3 ಮೀಟರಿಗೊಂದರಂತೆ ಒಂದೇ ಅಳತೆಯ ನೇರ ಗೋಡೆಯ ಡಬ್ಬಗಳನ್ನಿಟ್ಟು ಒಂದು ಗಂಟೆ ಓಡಿಸಿ, ನೀರಿನ ಆಳ ಅಳೆದು ಸರಾಸರಿ ತೆಗೆಯಿರಿ. ಆಮೇಲೂ ನಿಲ್ಲಿಸಬೇಡಿ, ಪಾಳಿ ಮುಗಿಯುವವರೆಗೆ ನೆಲ ನೋಡುತ್ತಿರಿ. ಒಣ ಮಣ್ಣು ಮೊದಲಲ್ಲಿ ಆತುರದಿಂದ ಕುಡಿಯುತ್ತದೆ, ಬರಬರುತ್ತಾ ನಿಧಾನವಾಗುತ್ತದೆ. ಮೊದಲ ಕಾಲು ಗಂಟೆ ನೋಡಿ ಸರಿಯಿದೆ ಎಂದು ಹೊರಡುವವರಿಗೆ ಸಿಗುವುದು ಸುಳ್ಳು ಉತ್ತರ. ಮೊದಲು ಹೆಂಟೆಗಳ ಅಂಚು ಕರಗುತ್ತದೆ, ಆಮೇಲೆ ನೆಲಕ್ಕೆ ಹೊಳಪು ಬರುತ್ತದೆ, ಹೊಳಪುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೊಳಪು ಕೂಡಿದ ಗಳಿಗೆಯನ್ನು ಗುರುತು ಹಾಕಿಕೊಳ್ಳಿ, ಆ ನೆಲದ ಮಿತಿ ಅದೇ. ಉಂಗುರ ಹೂತು ನೀರು ನಿಲ್ಲಿಸಿ ಅಳೆಯುವ ಕ್ರಮವೂ ಇದೆ. ಆದರೆ ಹನಿಯ ಪೆಟ್ಟಿಗೆ ಮೇಲ್ಮಣ್ಣು ಮುಚ್ಚಿಕೊಳ್ಳುವುದು ಅದರಲ್ಲಿ ಕಾಣುವುದಿಲ್ಲ. ಬಂದ ಅಂಕಿ ಇಲ್ಲಿಗೆ ದೊಡ್ಡದಾಗುತ್ತದೆ.

ಹರಿಯುತ್ತಿದೆ ಎಂದು ಪಂಪಿನ ಒತ್ತಡವನ್ನೇ ತಗ್ಗಿಸುವುದು ಹಲವರ ರೂಢಿ. ಅದು ತಪ್ಪು. ಒತ್ತಡ ಸಾಲದಿದ್ದರೆ ಹನಿ ದಪ್ಪವಾಗಿ ಮಣ್ಣನ್ನು ಇನ್ನಷ್ಟು ಬಡಿಯುತ್ತದೆ, ನೀರೂ ಉಂಗುರದಂತೆ ಒಂದೇ ಕಡೆ ಬೀಳುತ್ತದೆ. ಒತ್ತಡ 3ರಲ್ಲೇ ಇರಲಿ, ನಾಜಲ್ಲನ್ನು 4 ಮಿ.ಮೀ.ಗೆ ಬದಲಿಸಿ. ಗಂಟೆಗೆ 7.2 ಮಿ.ಮೀ. ಬೀಳುತ್ತದೆ. ಹಾರುವ ದೂರವೂ ಸ್ವಲ್ಪ ತಗ್ಗುವುದರಿಂದ ಡಬ್ಬಗಳನ್ನು ಇನ್ನೊಮ್ಮೆ ಇಟ್ಟು ಹರವು ನೋಡಿ. ಕೆಳಗಿನ ಸಾಲಿನ ವಾಲ್ವನ್ನು ಅಲ್ಲೂ 3 ಬರುವಷ್ಟು ಮಾತ್ರ ತಿರುಗಿಸಿ, ಸಾಲುಗಳನ್ನು ಸಮಪಾತಳಿಯಲ್ಲಿ ಎಳೆಯಿರಿ. ಬೋಳು ನೆಲಕ್ಕೆ 7.2 ಕೂಡ ಹೆಚ್ಚೇ. ಆದರೆ ದರಗು ಹೊದಿಸಿದರೆ ಮಿತಿ 10ರ ಹತ್ತಿರಕ್ಕೆ ಏರುತ್ತದೆ. ಹೊದಿಸಲು ದರಗು ಸಾಲದಿದ್ದರೆ ಹೊಳಪು ಕೂಡುವ ಮೊದಲೇ ನಿಲ್ಲಿಸಿ, ಇಂಗಲು ಬಿಟ್ಟು, ಉಳಿದದ್ದನ್ನು ಎರಡನೇ ಸರದಿಯಲ್ಲಿ ಕೊಡಿ.

ಇದಕ್ಕೆ ಸಮಯ ಹಿಡಿಯುತ್ತದೆ. 25 ಮಿ.ಮೀ. ಕೊಡಲು ಮೊದಲು ಎರಡೂಕಾಲು ಗಂಟೆ ಸಾಕಿತ್ತು, ಈಗ ಮೂರೂವರೆ. ಆದರೆ ಸಣ್ಣ ನಾಜಲ್ ಕುಡಿಯುವ ನೀರೂ ಕಡಿಮೆ, ಅದೇ ಪಂಪಿನಲ್ಲಿ ಒಟ್ಟಿಗೆ ಹೆಚ್ಚು ಸ್ಪ್ರಿಂಕ್ಲರ್ ಓಡಿಸಬಹುದು. ಮರುದಿನ ಮೇಲೂ ಕೆಳಗೂ ಗುದ್ದಲಿ ಹಾಕಿ ತೇವ ಇಳಿದ ಆಳ ಹೋಲಿಸಿ. ಮೇಲೆ ನಾಲ್ಕು ಬೆರಳು, ಕೆಳಗೆ ಒಂದು ಗೇಣು ಕಂಡರೆ ನೀರು ಇನ್ನೂ ಜಾರುತ್ತಿದೆ ಎಂದೇ ಅರ್ಥ. ತೊಟ್ಟಿಲು ಗುಂಡಿಗಳಲ್ಲಿ ಹೊಸ ಕೆಸರು ಕೂತಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.