ಹಳದಿ ಎಲೆಯನ್ನು ಓದುವ ಬಗೆ: ಬೀದರ್ ಸೀಮೆಯ ಸೋಯಾ ಹೊಲವನ್ನು ನೋಡಬಯಸುವವರಿಗೆ

ಬೀದರ್ ತಾಲ್ಲೂಕಿನ ಬಗದಲ್ ಕಡೆಯಿಂದ ಭಾಲ್ಕಿ, ಔರಾದ್‌ಗಳತ್ತ ಸಾಗಿದಂತೆ ಜಂಬಿಟ್ಟಿಗೆಯ ಮೇಲಿನ ಕೆಂಪು ಮಸಾರಿ ನೆಲ ಕಡಿಮೆಯಾಗಿ, ಸುಣ್ಣದ ಹರಳು ಬೆರೆತ ಎರೆಭೂಮಿ ಹೆಚ್ಚುತ್ತದೆ. ಮುಂಗಾರಿನಲ್ಲಿ ಈ ಎರೆಹೊಲಗಳ ಬಹುಭಾಗವನ್ನು ಸೋಯಾಬೀನ್ ಆವರಿಸುತ್ತದೆ. ಬಿತ್ತಿದ ಮೂರು-ನಾಲ್ಕು ವಾರಗಳಲ್ಲಿ, ಜಡಿಮಳೆ ಹಿಡಿದು ಬಿಟ್ಟ ಮೇಲೆ, ಹೊಲದ ಕೆಲವು ಭಾಗ ಹಳದಿಯಾಗುವುದುಂಟು. ರಸ್ತೆಯಿಂದ ನೋಡುವವರಿಗೆ ಅದು ಒಂದೇ ಬಣ್ಣವಾಗಿ ತೋರುತ್ತದೆಯಾದರೂ, ಬದುವಿನಿಂದ ಒಳಗಿಳಿದು ಒಂದೊಂದು ಗಿಡವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದವರಿಗೆ ಅಲ್ಲಿ ಎರಡು ಬೇರೆಬೇರೆ ಕೊರತೆಗಳು ಕಾಣಬಹುದು. ಆದುದರಿಂದ ಬಣ್ಣ ಎಂಥದು ಎಂಬುದಕ್ಕಿಂತ ಮೊದಲು, ಹಳದಿ ಯಾವ ಎಲೆಯಿಂದ ಆರಂಭವಾಯಿತು ಎಂದು ಕೇಳಿಕೊಳ್ಳಬೇಕು.

ಸೋಯಾ ಗಿಡದ ಎಲೆಗಳು ವಯಸ್ಸಿನ ಕ್ರಮದಲ್ಲೇ ಕಾಂಡದ ಮೇಲೆ ಜೋಡಿಸಿಕೊಂಡಿರುವುದರಿಂದ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಲ್ಲ. ಮಣ್ಣಿಗೆ ಹತ್ತಿರದಲ್ಲಿ ಬೀಜದಳಗಳು, ಅವುಗಳ ಮೇಲೆ ಎದುರುಬದುರಾಗಿ ನಿಂತ ಎರಡು ಬಿಡಿ ಎಲೆಗಳು, ಅನಂತರ ಒಂದೊಂದೇ ಗಿಣ್ಣಿನಲ್ಲಿ ಮೂರು ಕಿರುಎಲೆಗಳುಳ್ಳ ತ್ರಿದಳ ಎಲೆಗಳು ಬರುತ್ತವೆ. ತುದಿಯಲ್ಲಿ ಇನ್ನೂ ಮಡಿಕೆ ಬಿಚ್ಚದ ಎಲೆಯೇ ಎಲ್ಲಕ್ಕಿಂತ ಎಳೆಯದು. ಕೆಳಗಿನ ಎಲೆಗಳು ಹಳದಿಯಾಗಿ ತುದಿ ಹಸಿರಾಗಿದ್ದರೆ ಕೊರತೆಯಾದುದು ಗಿಡದೊಳಗೆ ಚಲಿಸಬಲ್ಲ ಪೋಷಕಾಂಶ. ತುದಿ ಹಳದಿಯಾಗಿ ಕೆಳಗಿನ ಎಲೆಗಳು ಹಸಿರಾಗಿದ್ದರೆ ಒಮ್ಮೆ ಎಲೆ ಸೇರಿದ ಮೇಲೆ ಅಲ್ಲಿಂದ ಕದಲದ ಪೋಷಕಾಂಶ.

ಈ ಭೇದದ ಮೂಲ ಗಿಡದೊಳಗಿನ ಎರಡು ನಾಳ ವ್ಯವಸ್ಥೆಗಳಲ್ಲಿದೆ. ಬೇರು ಹೀರಿದ ನೀರು ಮತ್ತು ಲವಣಗಳನ್ನು ಮೇಲಕ್ಕೊಯ್ಯುವುದು ಕ್ಸೈಲೆಮ್. ಎಲೆಗಳಿಂದ ನೀರು ಆವಿಯಾಗಿ ಹೊರಹೋಗುವ ಸೆಳೆತವೇ ಅದನ್ನು ನಡೆಸುವುದರಿಂದ ಅಲ್ಲಿನ ಹರಿವು ಮೇಲ್ಮುಖವಾದದ್ದು, ಎಲೆಯನ್ನು ತಲುಪಿದ ಸರಕು ಆ ದಾರಿಯಲ್ಲಿ ಹಿಂದಿರುಗಲಾರದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರು, ಚಿಗುರು, ಕಾಯಿಗಳೆಡೆಗೆ, ಅಂದರೆ ಎಲ್ಲಿ ಬೇಡಿಕೆಯಿದೆಯೋ ಅಲ್ಲಿಗೆ ಸಾಗಿಸುವುದು ಫ್ಲೋಯೆಮ್. ಹಳೆಯ ಎಲೆಯಿಂದ ಎಳೆಯ ಎಲೆಗೆ ಏನಾದರೂ ಹೋಗಬೇಕಿದ್ದರೆ ಅದು ಈ ಎರಡನೆಯ ನಾಳವನ್ನು ಹತ್ತಲೇಬೇಕು. ಹತ್ತಬಲ್ಲವು ಯಾವುವು, ಹತ್ತಲಾರದವು ಯಾವುವು ಎಂಬುದನ್ನು ಆಯಾ ಧಾತುವಿನ ರಸಾಯನಗುಣ ನಿರ್ಧರಿಸುತ್ತದೆ.

ಸಾರಜನಕಕ್ಕೆ ಇದು ಸುಲಭ. ಎಲೆಯ ಸಾರಜನಕದ ಬಹುಪಾಲು ಪತ್ರಹರಿತ್ತನ್ನು ಹೊತ್ತ ಕ್ಲೋರೋಪ್ಲಾಸ್ಟ್‌ಗಳ ಪ್ರೋಟೀನುಗಳಲ್ಲಿರುತ್ತದೆ. ಬೇರಿನಿಂದ ಬರುವ ಪೂರೈಕೆ ಕುಗ್ಗಿದಾಗ ಗಿಡವು ನೆರಳಿಗೆ ಬಿದ್ದ ಕೆಳಗಿನ ಎಲೆಗಳ ಪ್ರೋಟೀನುಗಳನ್ನು ಅಮೈನೋ ಆಮ್ಲಗಳಾಗಿ ಒಡೆದು, ಫ್ಲೋಯೆಮ್ ಮೂಲಕ ಚಿಗುರಿಗೆ ಕಳುಹಿಸುತ್ತದೆ. ಕ್ಲೋರೋಪ್ಲಾಸ್ಟೇ ಕಳಚಿ ಹೋಗುವುದರಿಂದ ಆ ಎಲೆ ನರಗಳ ಸಮೇತ ಒಂದೇ ಸಮನೆ ಬಿಳಿಚುತ್ತದೆ. ಜೋಳದಲ್ಲಾದರೆ ಕೆಳಗಿನ ಎಲೆಯ ತುದಿಯಿಂದ ಹೊರಟ ಹಳದಿ ನಡುನರವನ್ನು ಹಿಡಿದು ಬುಡದತ್ತ ಚೂಪಾಗಿ ಇಳಿಯುತ್ತದೆ. ರಂಜಕ, ಪೊಟ್ಯಾಷ್, ಮೆಗ್ನೀಸಿಯಂಗಳೂ ಹೀಗೆಯೇ ಮರುಸಾಗಣೆಯಾಗುವಂಥವು.

ಕಬ್ಬಿಣದ ನಡೆ ಬೇರೆ. ಫ್ಲೋಯೆಮ್ ರಸ ತುಸು ಕ್ಷಾರೀಯವಾದುದು, ಅದರಲ್ಲಿ ಫಾಸ್ಫೇಟ್ ಕೂಡ ಧಾರಾಳವಾಗಿರುತ್ತದೆ. ಇಂಥ ರಸದಲ್ಲಿ ಬಿಡಿ ಕಬ್ಬಿಣ ಕರಗಿ ಉಳಿಯಲಾರದು. ಅದನ್ನು ಕೈಹಿಡಿದು ಸಾಗಿಸುವ ಸಾವಯವ ಅಣುಗಳು ಗಿಡದಲ್ಲಿದ್ದರೂ, ಹಳೆಯ ಎಲೆಯ ಕ್ಲೋರೋಪ್ಲಾಸ್ಟ್‌ಗಳಲ್ಲಿ ಒಮ್ಮೆ ನೆಲೆಗೊಂಡ ಕಬ್ಬಿಣ ಚಿಗುರಿನ ಕೊರತೆಯನ್ನು ತುಂಬುವಷ್ಟು ಹೊರಬರುವುದಿಲ್ಲ. ಪತ್ರಹರಿತ್ತಿನ ತಯಾರಿಕೆಗೆ ಕಬ್ಬಿಣ ಬೇಕಾದುದರಿಂದ ಹೊಸ ಎಲೆ ಹಳದಿಯಾಗಿಯೇ ಹುಟ್ಟುತ್ತದೆ. ಬಂದ ಅಲ್ಪಸ್ವಲ್ಪ ಕಬ್ಬಿಣ ನರಗಳ ಅಂಚಿನಲ್ಲೇ ಬಳಕೆಯಾಗಿ, ಹಳದಿ ಹಾಳೆಯ ಮೇಲೆ ಹಸಿರು ನರಗಳ ಸೂಕ್ಷ್ಮವಾದ ಜಾಲ ಮೂಡುತ್ತದೆ. ಸೋಯಾದಲ್ಲಿ ಮೊದಲ ಎರಡು ಬಿಡಿ ಎಲೆಗಳು ಬಹುಮಟ್ಟಿಗೆ ಬೀಜದಲ್ಲಿದ್ದ ಕಬ್ಬಿಣದಿಂದ ಹಸಿರಾಗಿ ಉಳಿದು, ಒಂದರಿಂದ ಮೂರನೆಯ ತ್ರಿದಳ ಎಲೆಗಳಲ್ಲಿ ಈ ಜಾಲ ಕಾಣಿಸಿಕೊಳ್ಳುವುದು ಗಮನವಿಟ್ಟು ನೋಡಬೇಕಾದ ದೃಶ್ಯ. ನರಗಳ ನಡುವಿನ ಇದೇ ಹಳದಿ ಕೆಳಗಿನ ಎಲೆಗಳಲ್ಲಿ ಕಂಡರೆ ಅದು ಮೆಗ್ನೀಸಿಯಂ ಕೊರತೆಯ ಲಕ್ಷಣ. ಚಿತ್ರ ಒಂದೇ, ಮೂಡಿದ ಸ್ಥಾನವಷ್ಟೇ ಬೇರೆ.

ಎರೆಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಅದು ಬೇರಿಗೆ ದಕ್ಕುವುದೇ ಕಷ್ಟ. ಮಣ್ಣಿನ ರಸಸಾರ ಒಂದು ಅಂಕ ಏರಿದರೆ ಕರಗುವ ಫೆರಿಕ್ ಕಬ್ಬಿಣ ಸುಮಾರು 1000 ಪಟ್ಟು ಇಳಿಯುತ್ತದೆ. ಬೇರಿನ ಸುತ್ತ ಆಮ್ಲ ಸ್ರವಿಸಿ ಕಬ್ಬಿಣವನ್ನು ಕರಗಿಸಿಕೊಳ್ಳುವುದು ಸೋಯಾ ಗಿಡದ ಉಪಾಯ. ಆದರೆ ಹಸಿ ತುಂಬಿ ಗಾಳಿಯಾಡದ ಸುಣ್ಣದ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಬೈಕಾರ್ಬನೇಟ್ ಹೆಚ್ಚಿದಾಗ ಆ ಆಮ್ಲ ಅಲ್ಲೇ ತಟಸ್ಥಗೊಳ್ಳುತ್ತದೆ. ಜಡಿಮಳೆಯ ಬೆನ್ನಲ್ಲೇ, ತಗ್ಗು ಜಾಗಗಳಲ್ಲಿ ತೇಪೆ ಹಾಕಿದಂತೆ ಹಳದಿ ಏಳುವುದಕ್ಕೆ ಇದೇ ಕಾರಣ.

ಇಂಥ ಹೊಲಕ್ಕೆ ಯೂರಿಯಾ ಎರಚುವುದು ಸಾಮಾನ್ಯವಾಗಿ ನಡೆಯುವ ತಪ್ಪು; ಸಾರಜನಕವನ್ನು ಕೇಳಿರದ ಗಿಡಕ್ಕೆ ಅದು ಬಿದ್ದು ಹಳದಿ ಹಾಗೆಯೇ ಉಳಿಯುತ್ತದೆ, ವೆಚ್ಚ ಮಾತ್ರ ಏರುತ್ತದೆ. ಖಚಿತಪಡಿಸಿಕೊಳ್ಳಲು ಕಡಿಮೆ ಖರ್ಚಿನ ಒಂದು ಪರೀಕ್ಷೆಯಿದೆ. ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಕರಗಿಸಿ, ಸಂಜೆಯ ಹೊತ್ತು ಐದಾರು ಗಿಡಗಳ ಹಳದಿ ಎಲೆಗಳಿಗಷ್ಟೇ ಸಿಂಪಡಿಸಬೇಕು. ಆಮ್ಲವನ್ನು ಮೊದಲು ಹಾಕದಿದ್ದರೆ ಕೊಳವೆಬಾವಿಯ ಗಡಸು ನೀರಿನಲ್ಲಿ ಅನ್ನಭೇದಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಹಾಗಾದ ದ್ರಾವಣವನ್ನು ಚೆಲ್ಲುವುದೇ ಸರಿ. ಕೊರತೆ ಕಬ್ಬಿಣದ್ದೇ ಆಗಿದ್ದರೆ ಕೆಲವೇ ದಿನಗಳಲ್ಲಿ ಹನಿ ಬಿದ್ದ ಜಾಗದಲ್ಲೆಲ್ಲ ಹಸಿರು ಚುಕ್ಕೆಗಳೇಳುತ್ತವೆ. ಹನಿ ತಾಗದ ಜಾಗ ಹಳದಿಯಾಗಿಯೇ ಉಳಿಯುತ್ತದೆ, ಆ ಬಳಿಕ ಬಿಚ್ಚುವ ಹೊಸ ಎಲೆಯೂ ಮತ್ತೆ ಹಳದಿಯಾಗಿ ಬರಬಹುದು. ಕಬ್ಬಿಣ ಕದಲದು ಎಂಬ ಸಿದ್ಧಾಂತವನ್ನು ಕಣ್ಣಾರೆ ಕಾಣಿಸುವ ಇದಕ್ಕಿಂತ ಚೆಲುವಾದ ಪ್ರಯೋಗ ಹೊಲದಲ್ಲಿ ಸಿಗುವುದು ಅಪರೂಪ. ಪರೀಕ್ಷೆ ಫಲಿಸಿದ ಮೇಲೆ ಇದೇ ಪ್ರಮಾಣದ ಸಿಂಪರಣೆಯನ್ನು 7ರಿಂದ 10 ದಿನಗಳ ಅಂತರದಲ್ಲಿ ಎರಡು-ಮೂರು ಬಾರಿ ಮಾಡಬೇಕಾಗುವುದೂ ಇದರಿಂದಲೇ. ಬರಿಯ ಅನ್ನಭೇದಿಯನ್ನು ಸುಣ್ಣದ ಮಣ್ಣಿಗೇ ಹಾಕಿದರೆ ಅದು ಬೇಗನೆ ಕರಗದ ರೂಪಕ್ಕೆ ತಿರುಗಿ ಹೋಗುತ್ತದೆ.

ಈ ನಿಯಮಕ್ಕೆ ಮಿತಿಗಳೂ ಇವೆ. ಗಂಧಕ ನಡುವಿನ ಸ್ಥಿತಿಯದು. ಅದರ ಕೊರತೆ ಎಳೆಯ ಎಲೆಗಳಲ್ಲೇ ಮೊದಲು ಕಂಡರೂ ನರಗಳೂ ಹಸಿರಾಗಿ ಉಳಿಯದೆ ಇಡೀ ಎಲೆ ಬಿಳಿಚುತ್ತದೆ. ಬಿಳಿನೊಣ ಹರಡುವ ಹಳದಿ ನಂಜು ರೋಗವೂ ಮೇಲಿನ ಎಲೆಗಳನ್ನು ಹಳದಿಯಾಗಿಸುತ್ತದೆ, ಆದರೆ ಅದರ ಮಚ್ಚೆಗಳು ನರಗಳ ಕ್ರಮವನ್ನು ಅನುಸರಿಸದೆ ಅಡ್ಡಾದಿಡ್ಡಿಯಾಗಿ ಹರಡಿ, ರೋಗದ ಗಿಡ ಆರೋಗ್ಯವಂತ ಗಿಡಗಳ ನಡುವೆ ಒಂಟಿಯಾಗಿಯೂ ನಿಂತಿರುತ್ತದೆ. ಎಲೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಒಟ್ಟು ಕಬ್ಬಿಣವನ್ನು ಅಳೆಸಿದರೂ ಗೊಂದಲ ಉಳಿಯಬಹುದು, ಏಕೆಂದರೆ ಬೆಳವಣಿಗೆ ಕುಂಠಿತವಾದ ಹಳದಿ ಎಲೆಯಲ್ಲಿ ಹಸಿರು ಎಲೆಯಷ್ಟೇ ಕಬ್ಬಿಣ, ಬಳಕೆಗೆ ಬಾರದ ರೂಪದಲ್ಲಿ, ಸಿಗುವುದುಂಟು.

ಮೇಲೂ ಕೆಳಗೂ ಹಳದಿಯಾದ ಗಿಡ ಎಲ್ಲಕ್ಕಿಂತ ಕಠಿಣವಾದ ಪಾಠ. ಬೇರುಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸಕ್ಕೂ ಕಬ್ಬಿಣ ಬೇಕಾದುದರಿಂದ, ದೀರ್ಘಕಾಲ ಕಬ್ಬಿಣಕ್ಕೆ ಹಸಿದ ಸೋಯಾದಲ್ಲಿ ಸಾರಜನಕದ ಕೊರತೆಯೂ ಸೇರಿಕೊಂಡು ಕೆಳಗಿನ ಎಲೆಗಳೂ ಬಿಳಿಚತೊಡಗುತ್ತವೆ. ಅಂಥ ಗಿಡವನ್ನು ಮಣ್ಣುಸಮೇತ ಎಚ್ಚರದಿಂದ ಕಿತ್ತು ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ, ಕಬ್ಬಿಣದ ಸಿಂಪರಣೆಯೊಂದೇ ಸಾಕಾಗಬಹುದು. ಬಿಳಿ, ಬೂದು ಅಥವಾ ಹಸಿರು ಕಂಡರೆ ಮೊದಲು ನಿಂತ ನೀರನ್ನು ಬಸಿದು, ಕಬ್ಬಿಣ ಸಿಂಪಡಿಸಿ, ಸುಮಾರು ಹತ್ತು ದಿನಗಳ ಬಳಿಕ ಹೊಸ ಎಲೆಗಳನ್ನೂ ಗಂಟುಗಳನ್ನೂ ಮತ್ತೊಮ್ಮೆ ನೋಡಿದ ಮೇಲಷ್ಟೇ ಸಾರಜನಕ ಕೊಡುವ ಮಾತು.